ಮನೆ ಬೇಕರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್: ಕರೆಂಟ್ ಹೋದಾಗ ಉತ್ತರ ಕೊಡೋರ್ಯಾರು?

ನಮ್ಮ ಅತ್ತಿಗೆ ಗಾಜನೂರಿನ ಮನೆಯಲ್ಲಿ ಕೇಕ್ ಮಾಡಿ ಶಿವಮೊಗ್ಗದವರಿಗೆ ಕೊಡುತ್ತಾರೆ. ಹೋದ ಮಳೆಗಾಲದ ಒಂದು ಶನಿವಾರ ರಾತ್ರಿ ವಿನೋಬನಗರದ ಒಬ್ಬರು ಅತ್ತಿಗೆಯ ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗ್ ನೋಡಿ ಒಂದು ಕೆಜಿ ಚಾಕ್ಲೇಟ್ ಕೇಕನ್ನು ಕಾರ್ಟ್‌ಗೆ ಹಾಕಿ ಕಳಿಸಿದರು. ಇಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಅತ್ತಿಗೆ ಮೆಸೇಜ್ ನೋಡಿದ್ದು ಭಾನುವಾರ ಹತ್ತು ಗಂಟೆಗೆ. ಹುಟ್ಟುಹಬ್ಬ ಅದೇ ಸಂಜೆ! ಅವರೋ, ಆರ್ಡರ್ ಆಯ್ತು ಅಂತಲೇ ಇದ್ದರು. ‘ನಾನಿಲ್ಲದಾಗ ತಾನಾಗೇ ಹೋಗೋ Away message ಹಾಕಿಟ್ಟಿದ್ದೆ, ಅದ್ಯಾಕೆ ಹೋಗ್ಲಿಲ್ಲ?’ ಅಂತ ಅತ್ತಿಗೆ ನನ್ನನ್ನು ಕೇಳಿದರು. ಆಮೇಲೆ ಇಬ್ಬರೂ ಕೂತು ಎಲ್ಲವನ್ನೂ ಹೊಸದಾಗಿ ಜೋಡಿಸಿದೆವು.

ಮೊದಲು ನಂಬರ್. ಒಂದೇ ನಂಬರ್ ಸಾಮಾನ್ಯ ವಾಟ್ಸ್‌ಆ್ಯಪ್‌ನಲ್ಲೂ ಬಿಸಿನೆಸ್ ಆ್ಯಪ್‌ನಲ್ಲೂ ಒಟ್ಟಿಗೆ ನಡೆಯುವುದಿಲ್ಲ. ಹಳೇ ನಂಬರನ್ನೇ ಕೊಟ್ಟರೆ ಮನೆಯವರ ಗ್ರೂಪುಗಳೆಲ್ಲ ಅಂಗಡಿಯೊಳಗೇ ಬಂದು ಕೂರುತ್ತವೆ. ಹಾಗಾಗಿ ಬೇರೆ ಸಿಮ್ ತಗೊಳ್ಳಿ, ಆಗಾಗ ರೀಚಾರ್ಜ್ ಮಾಡಿ ಜೀವಂತ ಇಟ್ಟುಕೊಳ್ಳಿ. ಆ್ಯಪ್‌ಗೆ ದುಡ್ಡಿಲ್ಲ. ಪ್ರೊಫೈಲ್‌ನಲ್ಲಿ ಹೆಸರು, ವಿಳಾಸದ ಜೊತೆ ಕೆಲಸದ ಹೊತ್ತನ್ನೂ ತುಂಬಿಸಿ. ಇದು ಮುಂದೆ ಬೇಕಾಗುತ್ತದೆ.

ಇನ್ನು Catalog. ಇದರಲ್ಲಿ 500 ಐಟಂ ಹಾಕಬಹುದು, ಆದರೆ ಮನೆ ಬೇಕರಿಗೆ ಹತ್ತು ಹನ್ನೆರಡು ಸಾಕು. ಒಂದು ಐಟಂಗೆ ಒಂದೇ ಬೆಲೆ. ಅದಕ್ಕೇ ಅರ್ಧ ಕೆಜಿಯದ್ದು, ಒಂದು ಕೆಜಿಯದ್ದು, ಮೊಟ್ಟೆ ಇಲ್ಲದ್ದು ಬೇರೆ ಬೇರೆ ಐಟಂ ಆಗಬೇಕು. ಅತ್ತಿಗೆ ಮೊದಲು ‘ಚಾಕ್ಲೇಟ್ ಕೇಕ್’ ಅಂತ ಒಂದೇ ಐಟಂ ಹಾಕಿ ಅರ್ಧ ಕೆಜಿ ಬೆಲೆ ಬರೆದಿದ್ದರು. ಒಂದು ಕೆಜಿ ಬೇಕಾದವರೂ ಅದೇ ಬೆಲೆ ತೋರಿಸಿ ವಾದಕ್ಕೆ ನಿಂತರು. ಫೋಟೋ ನೀವೇ ಮಾಡಿದ ಕೇಕಿನದ್ದೇ ಇರಲಿ. ಕಿಟಕಿ ಪಕ್ಕ ಹಗಲು ಬೆಳಕಲ್ಲಿ ತೆಗೆದರೆ ಸಾಕು. ಹಾಕಿದ ಐಟಂ ಪರಿಶೀಲನೆ ಆದ ಮೇಲೆಯೇ ಗಿರಾಕಿಗೆ ಕಾಣುತ್ತದೆ. ಮದ್ಯ ಮಾರುವುದಕ್ಕೆ ಅಲ್ಲಿ ಅವಕಾಶವಿಲ್ಲ, ಆದ್ದರಿಂದ ಪ್ಲಮ್ ಕೇಕಿನ ಪಕ್ಕ ರಮ್ ಬಾಟಲಿ ಇಟ್ಟು ಫೋಟೋ ತೆಗೆಯಬೇಡಿ. ಹಲಸಿನ ಹಣ್ಣಿನ ಕೇಕಿನ ಕಾಲ ಮುಗಿದಾಗ ಐಟಂ ಅಳಿಸುವುದು ಬೇಡ. ಮರೆಮಾಡಿ ಇಟ್ಟರೆ ಮುಂದಿನ ವರ್ಷ ಮತ್ತೆ ತೋರಿಸಬಹುದು.

ಇಲ್ಲೊಂದು ದೊಡ್ಡ ಗೊಂದಲ ಇದೆ. ಗಿರಾಕಿ ಕಳಿಸುವ ಕಾರ್ಟ್ ಬರೀ ಪಟ್ಟಿ. ನೀವು ಒಪ್ಪಿದಿರಿ ಅಂತ ಅರ್ಥವಲ್ಲ, ಬೇಕಾದ ದಿನವೂ ಅದರಲ್ಲಿ ಇರುವುದಿಲ್ಲ. ಈ ಅಂತರ ತುಂಬಲಿಕ್ಕೆ Quick replies ಬೇಕು. ಉತ್ತರವನ್ನು ಒಮ್ಮೆ ಬರೆದು, ಅದಕ್ಕೊಂದು ಗುರುತಿನ ಪದ ಕೊಟ್ಟಿಡಿ. ಚಾಟ್‌ನಲ್ಲಿ ಓರೆಗೆರೆ ಹಾಕಿ ಆ ಪದ ಬರೆದರೆ ಪೂರ್ತಿ ಉತ್ತರ ಸಿಗುತ್ತದೆ. ಅತ್ತಿಗೆಯ ಮುಖ್ಯ ಉತ್ತರ ಹೀಗಿದೆ:

```
/order
ನಿಮ್ಮ ಪಟ್ಟಿ ನೋಡಿದೆ. ಇಷ್ಟು ತಿಳಿಸಿ:
ಬೇಕಾದ ದಿನ, ಹೊತ್ತು:
ಮೊಟ್ಟೆ ಹಾಕಬಹುದಾ?
ಕೇಕ್ ಮೇಲೆ ಬರೆಯೋ ಹೆಸರು:
ಅರ್ಧ ಹಣ ಬಂದು, ನಾನು ‘ಖಾತ್ರಿ’ ಅಂದ ಮೇಲೇ ಆರ್ಡರ್.
```

ಹೀಗೆ 50 ಉತ್ತರ ಇಡಲು ಜಾಗವಿದೆ. ಆದರೆ ಗುರುತಿನ ಪದಗಳೇ ಮರೆತುಹೋದರೆ ಏನು ಪ್ರಯೋಜನ? ಅತ್ತಿಗೆ ಇಟ್ಟಿರೋದು ನಾಲ್ಕೇ.

ಈಗ Away message. ಅದನ್ನು ಆನ್ ಮಾಡಿ, ಮೆಸೇಜ್ ಬರೆದು, ವೇಳೆಯಲ್ಲಿ Outside of business hours ಆರಿಸಿ. ಪ್ರೊಫೈಲ್‌ನಲ್ಲಿ ಕೆಲಸದ ಹೊತ್ತು ತುಂಬಿಸಿದ್ದರೆ ಮಾತ್ರ ಇದು ನಡೆಯುತ್ತದೆ. ‘ಬೇಗ ಉತ್ತರಿಸುತ್ತೇವೆ’ ಅಂತ ಸುಮ್ನೆ ಬರೆಯಬೇಡಿ. ‘ಬೆಳಗ್ಗೆ ಒಂಬತ್ತರ ಮೇಲೆ ನೋಡುತ್ತೇನೆ. ನಾಳೆಗೇ ಕೇಕ್ ಬೇಕಿದ್ದರೆ ಈಗಲೇ ಫೋನ್ ಮಾಡಿ’ ಅಂತ ಬರೆಯಿರಿ.

ಆ ಶನಿವಾರ ಯಾಕೆ ಹೋಗಲಿಲ್ಲ ಅಂದರೆ, ಈ ಮೆಸೇಜ್ ಹೋಗಬೇಕಾದರೆ ನಿಮ್ಮ ಫೋನ್‌ಗೆ ಇಂಟರ್ನೆಟ್ ಇರಲೇಬೇಕು. ಮಲೆನಾಡಿನ ಮಳೆಯಲ್ಲಿ ಕೈಕೊಡೋದು ಅದೇ ಅಲ್ವಾ? ಪರೀಕ್ಷೆ ಮಾಡಿ ನೋಡಿ. ಫೋನಿನ ನೆಟ್ ಆಫ್ ಮಾಡಿ, ಮನೆಯವರ ಫೋನಿಂದ ಒಂದು ಮೆಸೇಜ್ ಹಾಕಿ. ಅಲ್ಲಿ ಒಂದೇ ಟಿಕ್ ನಿಂತಿರುತ್ತದೆ, ಉತ್ತರ ಬರುವುದಿಲ್ಲ.

ಆದರೆ ಪ್ರೊಫೈಲ್ ಮತ್ತು ಕ್ಯಾಟಲಾಗ್ ನಿಮ್ಮ ಫೋನ್ ಆಫ್ ಆಗಿದ್ದರೂ ಗಿರಾಕಿಗೆ ಕಾಣುತ್ತವೆ. ಆದ್ದರಿಂದ ಮುಖ್ಯ ಮಾತನ್ನು ಅಲ್ಲೇ ಬರೆದಿಡಬೇಕು. ಈಗ ಅತ್ತಿಗೆಯ ಪ್ರತಿ ಐಟಂನ ವಿವರ ಶುರುವಾಗುವುದೇ ಹೀಗೆ: ‘ಎರಡು ದಿನ ಮೊದಲೇ ಹೇಳಿ. ಖಾತ್ರಿ ಅನ್ನುವವರೆಗೆ ಆರ್ಡರ್ ಅಲ್ಲ. ಮಳೆಗಾಲದಲ್ಲಿ ನೆಟ್ ಇರಲ್ಲ, ಉತ್ತರ ಬರದಿದ್ದರೆ ಫೋನ್ ಮಾಡಿ.’ ಮೊಬೈಲೂ ಸಿಗದ ದಿನಕ್ಕೆ ಅಂತ ಶಿವಮೊಗ್ಗದಲ್ಲಿರುವ ತಂಗಿಯ ನಂಬರನ್ನೂ ಅವಳನ್ನು ಕೇಳಿ ಸೇರಿಸಿದ್ದಾರೆ.

ಬೇರೆ ಸಿಮ್ ಹಳೇ ಫೋನಲ್ಲಿ ಇರುವುದರಿಂದ ಇನ್ನೊಂದು ಅನುಕೂಲ ಆಯಿತು. ಜೋರು ಮಳೆ ಹಿಡಿದ ದಿನ ಅಣ್ಣ ಶಿವಮೊಗ್ಗಕ್ಕೆ ಕೆಲಸಕ್ಕೆ ಹೊರಟರೆ, ಟಿಫಿನ್ ಡಬ್ಬಿಯ ಜೊತೆ ಬೇಕರಿ ಫೋನೂ ಅವನ ಬ್ಯಾಗಿಗೆ ಬೀಳುತ್ತದೆ.