ಡಾಲರ್‌ಗೆ 90 ಹಾಕಿ ಲೋನ್ ಮಾಡಿಸಿದೆ: ಮಗನ ಎಂ.ಎಸ್. ಓದಿನ ಲೆಕ್ಕ

2023ರ ಬೇಸಿಗೆಯಲ್ಲಿ ಡಾಲರ್ 82 ರೂಪಾಯಿ ಇತ್ತು. ಮಗನ ಅಮೆರಿಕದ ಓದಿಗೆ ನಾನು ಮಾಡಿದ ಲೆಕ್ಕದಲ್ಲಿ ಮಾತ್ರ 90 ಅಂತ ಬರೆದಿದ್ದೆ. "ಮಾಮಾ, ಇಲ್ಲದ್ದು ಸಲ್ಲದ್ದು ಬರದು ಸಾಲ ಯಾಕ ಜಾಸ್ತಿ ಮಾಡ್ಕೋತೀರಿ?" ಅಂತ ಹೆಂಡತಿಯ ತಮ್ಮನೇ ಕೇಳಿದ. ಬ್ಯಾಂಕಿನವರೂ ನಕ್ಕರು. ಈಗ ಓದು ಮುಗಿದಿದೆ, ಫೀಸು ಒಂದು ಸಲವೂ ನಿಂತಿಲ್ಲ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ನಾವು ಸಿಂಧನೂರಿನವರು. ನನ್ನದು ಭತ್ತ, ಕಾಲುವೆ ನೀರಿನ ಹನ್ನೆರಡು ಎಕರೆ. ಹೆಂಡತಿ ಸರ್ಕಾರಿ ಶಾಲೆಯ ಶಿಕ್ಷಕಿ. ಮಗನ ಕೋರ್ಸು ನಾಲ್ಕು ಸೆಮಿಸ್ಟರ್. ಒಂದಕ್ಕೆ ಫೀಸು, ಇನ್ಶೂರೆನ್ಸ್ ಸೇರಿ ಸುಮಾರು 12,000 ಡಾಲರ್. ಇರುವುದಕ್ಕೆ, ಊಟಕ್ಕೆ ತಿಂಗಳಿಗೆ 1,100ರ ಹತ್ತಿರ.

ಲೋನ್ ಮಂಜೂರಾಗುವುದು ರೂಪಾಯಿಯಲ್ಲಿ. ಫೀಸು ಕಟ್ಟುವುದು ಡಾಲರ್‌ನಲ್ಲಿ. ನಡುವೆ ಎರಡು ವರ್ಷ ಇರುತ್ತದೆ. ತೊಂದರೆ ಹುಟ್ಟುವುದೇ ಅಲ್ಲಿ. 82ರ ಲೆಕ್ಕದಲ್ಲಿ 48,000 ಡಾಲರ್ ಅಂದರೆ 39 ಲಕ್ಷ ಚಿಲ್ಲರೆ. ನಮ್ಮ ಬ್ಯಾಂಕಿನಲ್ಲಿ ಮಾರ್ಜಿನ್ 15%, ಅದನ್ನು ನಾವೇ ಹಾಕಬೇಕು. ಅಲ್ಲಿಗೆ ಲೋನ್ 33 ಲಕ್ಷ ಚಿಲ್ಲರೆ. 90ರ ಲೆಕ್ಕದಲ್ಲಿ ಅದೇ ಲೋನ್ ಸುಮಾರು 37 ಲಕ್ಷ. ಮಂಜೂರಾದ ಪೂರ್ತಿ ಮೊತ್ತಕ್ಕೆ ಬಡ್ಡಿ ಇಲ್ಲ, ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ಹಾಗಿರುವಾಗ ದೊಡ್ಡ ಮೊತ್ತ ಮಂಜೂರು ಮಾಡಿಸಿಕೊಂಡು ಕಡಿಮೆ ತೆಗೆದರೆ ನಷ್ಟ ಏನು? ಇದನ್ನು ಎಷ್ಟು ಹೇಳಿದರೂ ಜನ ಒಪ್ಪಲಿಲ್ಲ.

ಬ್ಯಾಂಕಿನವರು ಕಾಗದದ ಮೇಲೆ 90 ಬರೆಯುವುದಿಲ್ಲ, ಅವತ್ತಿನ ರೇಟೇ ಹಾಕುತ್ತಾರೆ. ಅದಕ್ಕೆ ನಾನು ವಿಮಾನದ ಟಿಕೆಟ್, ಲ್ಯಾಪ್‌ಟಾಪ್, ಒಂದಷ್ಟು ಊಟ-ವಸತಿ ಖರ್ಚನ್ನೂ ಅರ್ಜಿಯಲ್ಲಿ ಸೇರಿಸಿದೆ. ಯೂನಿವರ್ಸಿಟಿ ಕೊಡುವ ಐ-20 ಪತ್ರದಲ್ಲಿ ಊಟ-ವಸತಿ, ಇತರೆ ಖರ್ಚಿನ ಅಂದಾಜು ಇರುತ್ತದೆ, ಕೇಳಲು ಅದೇ ಆಧಾರ. ಆ ಖರ್ಚಿಗೆ ಲೋನ್ ಮುಟ್ಟುವ ಯೋಚನೆ ನನಗಿರಲಿಲ್ಲ. ಒಂದು ಬಾಬತ್ತಿನಲ್ಲಿ ಉಳಿದದ್ದನ್ನು ಫೀಸಿಗೆ ಬಳಸಬಹುದು ಎಂಬ ಸಾಲು ಮಂಜೂರಾತಿ ಪತ್ರದಲ್ಲೇ ಇರಬೇಕು. ಬಾಯಿಮಾತು ನಂಬಬೇಡಿ, ಮ್ಯಾನೇಜರ್ ವರ್ಗವಾದರೆ ಆ ಮಾತೂ ಅವರ ಜೊತೆ ಹೋಗುತ್ತದೆ. ಆ ಸಾಲನ್ನು ಹೇಗೆ ಬರೆಸಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಅಡಮಾನದ ಕಥೆ ಬೇರೆ. ಹನ್ನೆರಡು ಎಕರೆ ನೀರಾವರಿ ಇದೆ ಅಂದರೂ ಮೊದಲ ಬ್ಯಾಂಕು ಬೇಡ ಅಂದಿತು. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಹತ್ತುವುದಿಲ್ಲ, ಅದೇ ಕಾರಣ. ಕೊನೆಗೆ ಊರೊಳಗಿನ ಮನೆ ಕೊಟ್ಟೆ. ಖಾತಾ, ಇ.ಸಿ., ಹಳೆಯ ಕ್ರಯಪತ್ರ, ವಕೀಲರ ಅಭಿಪ್ರಾಯ, ಇಂಜಿನಿಯರ್ ಮೌಲ್ಯಮಾಪನ ಎಲ್ಲಾ ಸೇರಿ ಒಂದೂವರೆ ತಿಂಗಳು ಹಿಡಿಯಿತು. ಖರ್ಚು ಇಪ್ಪತ್ತು-ಇಪ್ಪತ್ತೈದು ಸಾವಿರ ಇರಬೇಕು. ಅಡಮಾನ ಇಲ್ಲದೆ ಕೊಡುವ ಖಾಸಗಿ ಕಂಪನಿಯೊಂದನ್ನೂ ಕೇಳಿ ನೋಡಿದೆ. ಬಡ್ಡಿ ಎರಡು-ಎರಡೂವರೆ ಶೇಕಡಾ ಜಾಸ್ತಿ ಹೇಳಿದರು, ಬಿಟ್ಟೆ.

ಲೋನ್ ಹೆಂಡತಿಯ ಹೆಸರು ಮುಂದಿಟ್ಟು ಮಾಡಿಸಿದೆ. ನನ್ನದು ಕೃಷಿ ಆದಾಯ, ತೆರಿಗೆ ಇಲ್ಲ. ನನ್ನ ಹೆಸರಲ್ಲಿ ಬಡ್ಡಿ ಕಟ್ಟಿದರೆ ಓದಿನ ಸಾಲದ ಬಡ್ಡಿಗೆ ಸಿಗುವ 80ಇ ತೆರಿಗೆ ರಿಯಾಯಿತಿ ಸುಮ್ನೆ ವ್ಯರ್ಥ. ಅವಳು ಹಳೇ ತೆರಿಗೆ ಪದ್ಧತಿಯಲ್ಲೇ ಉಳಿದಳು, ಹೊಸದರಲ್ಲಿ ಈ ರಿಯಾಯಿತಿ ಸಿಗುವುದಿಲ್ಲ. ಬಡ್ಡಿಯೂ ಅವಳ ಸಂಬಳದಿಂದಲೇ ಹೋಗಬೇಕು.

ಓದುವಾಗ ಬಡ್ಡಿ ಕಟ್ಟಲೇಬೇಕೆಂದಿಲ್ಲ. ನಾವು ಕಟ್ಟಿದೆವು. ಬಡ್ಡಿ 10.5ರ ಆಸುಪಾಸು. ಮೊದಲ ಸೆಮಿಸ್ಟರ್‌ನಲ್ಲಿ ಎಂಟೂವರೆ ಲಕ್ಷ ತೆಗೆದಾಗ ತಿಂಗಳಿಗೆ ಏಳೂವರೆ ಸಾವಿರದ ಹತ್ತಿರ. ಎರಡನೆಯದಕ್ಕೆ ಹದಿನೈದು, ಮೂರಕ್ಕೆ ಇಪ್ಪತ್ಮೂರು, ಕೊನೆಗೆ ಮೂವತ್ತೊಂದು ಸಾವಿರ. ಹೀಗೆ ನಿಧಾನಕ್ಕೆ ಏರಿದ್ದಕ್ಕೆ ಸಂಬಳ ತಡೆದುಕೊಂಡಿತು.

ಊಟ-ವಸತಿಗೆ ಸ್ವಂತ ದುಡ್ಡು. ಇಲ್ಲಿ ಟಿ.ಸಿ.ಎಸ್., ಅಂದರೆ ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಮೊದಲೇ ಹಿಡಿಯುವ ತೆರಿಗೆ, ನೋಡಿಕೊಳ್ಳಬೇಕಿತ್ತು. ಆಗ ಒಬ್ಬರ ಪ್ಯಾನ್‌ನಿಂದ ಒಂದು ಹಣಕಾಸು ವರ್ಷದಲ್ಲಿ ಹೊರಗೆ ಹೋಗುವ ಹಣ 7 ಲಕ್ಷ ದಾಟಿದರೆ, ಓದಿಗೆ ಸ್ವಂತ ಹಣವಾದರೆ ಮೇಲಿನದಕ್ಕೆ 5%, ಲೋನ್ ಹಣವಾದರೆ 0.5%. ಅದಕ್ಕೆ ಫೀಸು ಹೆಂಡತಿಯ ಪ್ಯಾನ್‌ನಲ್ಲಿ, ಊಟದ ಹಣ ನನ್ನ ಪ್ಯಾನ್‌ನಲ್ಲಿ. ನಾನು ಆರೂವರೆ ಲಕ್ಷ 2023ರ ಆಗಸ್ಟ್‌ನಲ್ಲಿ, ಇನ್ನೊಂದು ಆರೂವರೆ 2024ರ ಏಪ್ರಿಲ್‌ನಲ್ಲಿ ಕಳಿಸಿದೆ. ಹಣಕಾಸು ವರ್ಷ ಬದಲಾದ ಕಾರಣ ನನ್ನ ಕಡೆ ಒಂದು ಪೈಸೆ ಹಿಡಿಯಲಿಲ್ಲ. ಹಿಡಿದರೂ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ಆದರೆ ಅಷ್ಟು ದಿನ ದುಡ್ಡು ಸಿಕ್ಕಿಕೊಳ್ಳುತ್ತದೆ. 2025ರ ಏಪ್ರಿಲ್ 1ರಿಂದ ಮಿತಿ 10 ಲಕ್ಷ ಆಯಿತು, ಬ್ಯಾಂಕ್ ಲೋನ್ ಹಣಕ್ಕೆ ಟಿ.ಸಿ.ಎಸ್. ಪೂರ್ತಿ ತೆಗೆದರು.

ತಿಂಗಳು ತಿಂಗಳು ಕಳಿಸದೆ ಒಟ್ಟಿಗೆ ಕಳಿಸಿದ್ದು ನನ್ನದೊಂದು ಪ್ರಯೋಗ. ಪ್ರತಿ ಸಲದ ಬ್ಯಾಂಕ್ ಚಾರ್ಜು ಉಳಿಯಿತು. ಮಗ ಅದನ್ನು ಅಲ್ಲಿನ ಉಳಿತಾಯ ಖಾತೆಯಲ್ಲಿ ಇಟ್ಟ, ಆಗ ಅಲ್ಲಿ ನಾಲ್ಕು ಶೇಕಡಾ ಬಡ್ಡಿ ಸಿಗುತ್ತಿತ್ತು. 83ರಲ್ಲಿ ಕೊಂಡ ಡಾಲರನ್ನು ಅವನು 86 ಇರುವಾಗಲೂ ಖರ್ಚು ಮಾಡುತ್ತಿದ್ದ. ಇನ್ನುಳಿದ ಊಟದ ಖರ್ಚು ಅವನೇ ಕ್ಯಾಂಪಸ್ ಕೆಲಸ, ಬೇಸಿಗೆ ಇಂಟರ್ನ್‌ಶಿಪ್‌ನಲ್ಲಿ ತೂಗಿಸಿದ. ಆದರೆ ಆ ದುಡಿಮೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಷ್ಟಕ್ಕೆ ಎಫ್.ಡಿ. ಬೇರೆ ಇತ್ತು.

ಎರಡು ಕಡೆ ಕೈ ಸುಟ್ಟಿತು. ಮೊದಲ ಫೀಸು ಯೂನಿವರ್ಸಿಟಿಗೆ ಇಪ್ಪತ್ತೈದು ಡಾಲರ್ ಕಡಿಮೆ ಮುಟ್ಟಿತು. ನಡುವಿನ ಬ್ಯಾಂಕು ಚಾರ್ಜು ಹಿಡಿದಿತ್ತು. ಅಷ್ಟಕ್ಕೇ ಮಗನ ನೋಂದಣಿಗೆ ತಡೆ ಬಿತ್ತು. ಅರ್ಜಿಯಲ್ಲಿ ಚಾರ್ಜಿನ ಜಾಗದಲ್ಲಿ OUR, ಅಂದರೆ ಚಾರ್ಜೆಲ್ಲಾ ಕಳಿಸುವವರದೇ, ಅಂತ ಹಾಕಿ ಎಂದು ಹೇಳಿದ್ದೆ, ಕೌಂಟರಿನವರು ಹಾಕಿರಲಿಲ್ಲ. ಆಮೇಲೆ ಪ್ರತಿ ಸಲ ಕಾಗದ ನೋಡಿಯೇ ಸಹಿ ಮಾಡಿದೆ. ರೇಟೂ ಅಷ್ಟೇ. ಬೋರ್ಡಿನ ಮೇಲಿನ ರೇಟು ಬೇಡ, ಡಾಲರ್ ವ್ಯವಹಾರ ನೋಡುವ ನಿಮ್ಮ ಟ್ರೆಷರಿ ವಿಭಾಗದ ರೇಟು ಕೇಳಿ ಕೊಡಿ ಅಂತ ಪಟ್ಟು ಹಿಡಿದರೆ ಡಾಲರಿಗೆ ಅರ್ಧ-ಮುಕ್ಕಾಲು ರೂಪಾಯಿ ಇಳಿಯುತ್ತದೆ. 12,000 ಡಾಲರಿಗೆ ಅದು ಆರರಿಂದ ಒಂಬತ್ತು ಸಾವಿರ, ಬಿಡುವ ಹಣ ಅಲ್ಲ ಅಲ್ವಾ?

ಇನ್ನೊಂದು ನೀರು. 2023ರಲ್ಲಿ ಬರ ಬಂದು ಎರಡನೇ ಬೆಳೆ ಹೋಯಿತು. ಏಪ್ರಿಲ್ ಹಣವನ್ನು ಮುಂಗಾರಿನ ಭತ್ತ ಮಾರಿದಾಗಲೇ ತೆಗೆದಿಟ್ಟಿದ್ದೆ, ಅದು ಉಳಿಸಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಕಡಿದಾಗ ಮೂರನೇ ಫೀಸಿನ ಮಾರ್ಜಿನ್ ಕಟ್ಟುವ ಸಮಯ. ನಾಟಿ ಆಗಿತ್ತು, ನೀರು ಹರಿದು ಹೋಗುತ್ತಿತ್ತು, ಆ ವಾರ ನಿದ್ದೆ ಬರಲಿಲ್ಲ. ಮಾರ್ಜಿನ್ನಿನ ಒಂದೂವರೆ ಲಕ್ಷ ಬೇರೆ ಖಾತೆಯಲ್ಲಿ ಇದ್ದದ್ದಕ್ಕೆ ಫೀಸು ತಪ್ಪಲಿಲ್ಲ. ಒಂದು ಸೆಮಿಸ್ಟರಿನ ಮಾರ್ಜಿನ್ ಯಾವಾಗಲೂ ಬೆಳೆಗೆ ಸಂಬಂಧವಿಲ್ಲದ ಜಾಗದಲ್ಲಿ ಇಡಿ.

ಈಗ 90ರ ವಿಷಯ. ಎರಡನೇ ವರ್ಷ ಫೀಸು ಸುಮಾರು 12,500ಕ್ಕೆ ಏರಿತು. 2025ರ ಜನವರಿಯಲ್ಲಿ ಕೊನೆಯ ಫೀಸು ಕಟ್ಟುವಾಗ ಬ್ಯಾಂಕ್ ರೇಟು 87ರ ಹತ್ತಿರ. ನಾಲ್ಕೂ ಸೇರಿ ನಲವತ್ತೊಂದೂವರೆ ಲಕ್ಷ ಆಯಿತು. ಅದರಲ್ಲಿ ಲೋನ್ ಮೂವತ್ತೈದು ಚಿಲ್ಲರೆ. ನನ್ನ 37 ಲಕ್ಷದಲ್ಲಿ ಒಂದೂವರೆ ಲಕ್ಷ ಮುಟ್ಟದೆ ಉಳಿಯಿತು. 82ಕ್ಕೆ ಲೆಕ್ಕ ಹಾಕಿದ ನಮ್ಮ ಪರಿಚಯದವರ ಮಗಳಿಗೆ ಕೊನೆಯ ಸೆಮಿಸ್ಟರಿಗೆ ಸುಮಾರು ಎರಡು ಲಕ್ಷ ಕಡಿಮೆ ಬಿತ್ತು. ಲೋನ್ ಹೆಚ್ಚಿಸಲು ಹೊಸ ಮೌಲ್ಯಮಾಪನ ಕೇಳಿದರು, ಗಡುವು ಹತ್ತಿರ ಬಂದಿತ್ತು, ಬಂಗಾರ ಇಟ್ಟು ಕಟ್ಟಿದರು.

2025ರ ಡಿಸೆಂಬರ್‌ನಲ್ಲಿ ಡಾಲರ್ ನಿಜವಾಗಿ 90 ದಾಟಿತು. ಆ ಹೊತ್ತಿಗೆ ಮಗ ದುಡಿಯುತ್ತಿದ್ದ, ರೂಪಾಯಿ ಬಿದ್ದದ್ದು ಈಗ ನಮಗೇ ಲಾಭ. ಕಂತು ಶುರುವಾಗಲು ಕೋರ್ಸು ಮುಗಿದು ಒಂದು ವರ್ಷ ಇತ್ತು. ಅಷ್ಟರೊಳಗೆ ಅವನು ಕಳಿಸಿದ್ದನ್ನೆಲ್ಲಾ ನೇರ ಅಸಲಿಗೆ ಹಾಕಿಸಿದೆ. ಮುಂಗಡ ಕಂತು ಅಂತ ಜಮಾ ಮಾಡಬೇಡಿ, ಅಸಲಿಗೆ ಅಂತ ಬರೆದುಕೊಟ್ಟು ಸ್ಟೇಟ್‌ಮೆಂಟ್‌ನಲ್ಲಿ ಅಸಲು ಇಳಿದದ್ದನ್ನು ನೋಡಿಕೊಂಡೆ. ಮೂವತ್ತೈದು ಈಗ ಇಪ್ಪತ್ತೆಂಟರ ಹತ್ತಿರ ಬಂದಿದೆ.