ವಿದೇಶಿ ಕ್ಲೈಂಟ್‌ಗೆ ಬಿಲ್ ಯಾವ ಕರೆನ್ಸಿಯಲ್ಲಿ? ದರ ಬಿದ್ದರೆ ನಷ್ಟ ಯಾರಿಗೆ?

ಹುಬ್ಬಳ್ಳಿಯ ಡಿಸೈನರ್ ಒಬ್ಬರು ಬ್ರಿಟನ್ನಿನ ಮ್ಯಾಂಚೆಸ್ಟರ್‌ನಲ್ಲಿರುವ ಅಂಗಡಿಯೊಂದಕ್ಕೆ ವೆಬ್‌ಸೈಟ್ ಮಾಡಿಕೊಡಲು ಒಪ್ಪಿದ್ದಾರೆ ಎಂದುಕೊಳ್ಳೋಣ. ಅವರ ಮನೆ ಬಾಡಿಗೆ, ಇಂಟರ್ನೆಟ್, ಸಹಾಯಕನ ಸಂಬಳ ಎಲ್ಲವೂ ರೂಪಾಯಿಯಲ್ಲಿ. ಅಂಗಡಿಯ ಗಳಿಕೆ ಪೌಂಡ್‌ನಲ್ಲಿ. ಮಾತುಕತೆ ಮುಗಿದು ಹಣ ಖಾತೆಗೆ ಬೀಳುವುದಕ್ಕೆ ಮೂರು ತಿಂಗಳು ಬೇಕು. ಅಷ್ಟರಲ್ಲಿ ವಿನಿಮಯ ದರ ಬದಲಾದರೆ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಬಿಲ್‌ನ ಮೇಲಿರುವ ಕರೆನ್ಸಿಯ ಚಿಹ್ನೆಯೇ ನಿರ್ಧರಿಸುತ್ತದೆ. ಹೆಚ್ಚಿನವರು ಯೋಚಿಸದೆ ಡಾಲರ್ ಎಂದು ಬರೆದುಬಿಡುತ್ತಾರೆ. ಬ್ರಿಟನ್ ಅಥವಾ ಯುರೋಪಿನ ಕ್ಲೈಂಟ್‌ಗೆ ಅದು ಒಳ್ಳೆಯ ಆಯ್ಕೆಯಲ್ಲ. ಏಕೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಮೊದಲು ಮೂರು ಬಿಲ್ ಬರೆದು ನೋಡಿ

ಬೆಲೆ ಒಪ್ಪಿದ ದಿನ ಒಂದು ಡಾಲರ್‌ಗೆ 88 ರೂಪಾಯಿ, ಒಂದು ಪೌಂಡ್‌ಗೆ 1.25 ಡಾಲರ್ ಎಂದಿಟ್ಟುಕೊಳ್ಳಿ. ಹಾಗಾದರೆ ಒಂದು ಪೌಂಡ್‌ಗೆ 110 ರೂಪಾಯಿ. ಕೆಲಸದ ಬೆಲೆಯನ್ನು 2,000 ಪೌಂಡ್, 2,500 ಡಾಲರ್, 2,20,000 ರೂಪಾಯಿ ಎಂದು ಹೇಗೆ ಬರೆದರೂ ಆ ದಿನ ಒಂದೇ.

ಮೂರು ತಿಂಗಳ ನಂತರ ಡಾಲರ್ 87 ರೂಪಾಯಿಗೆ, ಪೌಂಡ್ 1.20 ಡಾಲರ್‌ಗೆ ಇಳಿದಿದೆ. ಈಗ ಪೌಂಡ್‌ಗೆ 104.40 ರೂಪಾಯಿ.

ಬಿಲ್ ಪೌಂಡ್‌ನಲ್ಲಿದ್ದರೆ ಅಂಗಡಿಯವರು 2,000 ಪೌಂಡನ್ನೇ ಕೊಡುತ್ತಾರೆ, ಡಿಸೈನರ್‌ಗೆ ಸಿಗುವುದು 2,08,800 ರೂಪಾಯಿ. 11,200 ರೂಪಾಯಿಯ ಕೊರತೆ ಪೂರ್ತಿ ಅವರದೇ. ಬಿಲ್ ರೂಪಾಯಿಯಲ್ಲಿದ್ದರೆ ಅವರಿಗೆ 2,20,000 ಹಾಗೆಯೇ ಬರುತ್ತದೆ, ಆದರೆ ಅಂಗಡಿಯವರು 2,107 ಪೌಂಡ್ ತೆರಬೇಕು. ಆ ಹೆಚ್ಚುವರಿ 107 ಪೌಂಡ್ ಎಂದರೆ ಅದೇ 11,200 ರೂಪಾಯಿ.

ಇನ್ನು ಡಾಲರ್ ಬಿಲ್. ಡಿಸೈನರ್‌ಗೆ 2,17,500 ಬರುತ್ತದೆ, ಅಂದರೆ 2,500 ನಷ್ಟ. ಅತ್ತ ಅಂಗಡಿಯವರು 2,500 ಡಾಲರ್ ಕೊಳ್ಳಲು 2,083 ಪೌಂಡ್ ಕೊಡಬೇಕು, ಅವರಿಗೂ ಸುಮಾರು 8,700 ರೂಪಾಯಿಯಷ್ಟು ಹೆಚ್ಚಿನ ಖರ್ಚು. ಎರಡನ್ನೂ ಕೂಡಿ: ಮತ್ತೆ 11,200.

ನಷ್ಟದ ಒಟ್ಟು ಮೊತ್ತ ಕರೆನ್ಸಿ ಬದಲಿಸಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ, ಹೆಗಲು ಬದಲಾಗುತ್ತದೆ ಅಷ್ಟೆ. ಡಾಲರ್ ಬಿಲ್‌ನಲ್ಲಿ ಅದು ಇಬ್ಬರಿಗೂ ಹಂಚಿಹೋಗುತ್ತದೆ, ಆದರೆ ಎಷ್ಟೆಷ್ಟು ಎಂಬುದನ್ನು ಇಬ್ಬರೂ ಮಾತಾಡಿ ತೀರ್ಮಾನಿಸಿರುವುದಿಲ್ಲ. ಸಾಲದ್ದಕ್ಕೆ ಕ್ಲೈಂಟ್ ಒಮ್ಮೆ, ನೀವು ಒಮ್ಮೆ, ಹೀಗೆ ಎರಡು ಸಲ ಕರೆನ್ಸಿ ಬದಲಾಯಿಸುವ ಖರ್ಚು ಬೀಳುತ್ತದೆ.

ಇಷ್ಟು ಏರಿಳಿತ ಅಪರೂಪವೇನಲ್ಲ. 2016ರ ಜೂನ್‌ನಲ್ಲಿ ಬ್ರೆಕ್ಸಿಟ್ ಜನಮತಗಣನೆಯ ಹೊತ್ತಿಗೆ 100 ರೂಪಾಯಿಯ ಆಸುಪಾಸಿನಲ್ಲಿದ್ದ ಪೌಂಡ್ ಅಕ್ಟೋಬರ್‌ನಲ್ಲಿ 82ರ ಹತ್ತಿರಕ್ಕೆ ಬಂದಿತ್ತು. ಡಾಲರ್ ಯಾವಾಗಲೂ ಏರುತ್ತದೆ ಎಂದು ನಂಬಿದವರೂ 2025ನ್ನು ನೆನಪಿಸಿಕೊಳ್ಳಬೇಕು. ಫೆಬ್ರುವರಿಯಲ್ಲಿ 87 ದಾಟಿದ್ದ ಅದು ಮೇ ಆರಂಭಕ್ಕೆ 84ರ ಆಸುಪಾಸಿಗೆ ಇಳಿದಿತ್ತು. ವರ್ಷಾನುಗಟ್ಟಲೆ ನೋಡಿದರೆ ಏರಿದೆ ನಿಜ, ಆದರೆ ನಿಮ್ಮ ಬಿಲ್‌ನ ಆಯುಸ್ಸು ಮೂರು ತಿಂಗಳು.

ಕ್ಲೈಂಟ್ ಗಳಿಸುವುದು ಯಾವುದರಲ್ಲಿ ಎಂದು ಕೇಳಿ

ಡಾಲರ್ ಬಿಲ್ ಸರಿಹೊಂದುವುದು ಡಾಲರ್‌ನಲ್ಲೇ ಗಳಿಸುವವರಿಗೆ. ಅಮೆರಿಕದವರು ಸರಿಯೇ, ದುಬೈನವರೂ ಸರಿ. ಯುಎಇ ದಿರ್ಹಮ್ 1997ರಿಂದ ಡಾಲರ್‌ಗೆ 3.6725ರ ದರದಲ್ಲಿ ಕಟ್ಟಿಕೊಂಡಿದೆ. ಸೌದಿ ರಿಯಾಲ್ ಕೂಡ ಡಾಲರ್‌ಗೆ 3.75ರಲ್ಲಿ ನಿಂತಿದೆ. ಅಲ್ಲಿನ ಕ್ಲೈಂಟ್‌ಗೆ ಡಾಲರ್ ಬಿಲ್ ಕೊಟ್ಟರೆ ಅವರಿಗೆ ದರದ ಚಿಂತೆ ಇಲ್ಲವೆಂದೇ ಹೇಳಬಹುದು. ಉಳಿಯುವುದು ಡಾಲರ್–ರೂಪಾಯಿ ಏರಿಳಿತ, ಅದು ನಿಮ್ಮದು.

ಹಾಗಾದರೆ ರೂಪಾಯಿಯಲ್ಲೇ ಬಿಲ್ ಮಾಡಿ ಎಲ್ಲವನ್ನೂ ಕ್ಲೈಂಟ್‌ಗೆ ದಾಟಿಸಬಾರದೇ? ಮಾಡಬಹುದು, ಆದರೆ ಅದಕ್ಕೂ ಬೆಲೆಯಿದೆ. ಸಣ್ಣ ಅಂಗಡಿಯವರ ಬ್ಯಾಂಕ್ ರೂಪಾಯಿ ಕಳಿಸಲು ಹಿಂಜರಿಯಬಹುದು, ಪಾವತಿ ಸೇವೆಯವರು ತಮ್ಮದೇ ದರ ಹಚ್ಚಬಹುದು, ಮುಂದಿನ ಸಲ ಕ್ಲೈಂಟ್ ಬೆಲೆಯಲ್ಲೇ ಚೌಕಾಸಿಗೆ ಇಳಿಯುತ್ತಾರೆ. ಜಿಎಸ್‌ಟಿ ದೃಷ್ಟಿಯಿಂದಲೂ ಎಚ್ಚರ ಬೇಕು: ಸೇವಾ ರಫ್ತು ಎನಿಸಿಕೊಳ್ಳಲು ಹಣ ಪರಿವರ್ತನೀಯ ವಿದೇಶಿ ಕರೆನ್ಸಿಯಲ್ಲಿ ಬರಬೇಕು, ರೂಪಾಯಿಯಾದರೆ ರಿಸರ್ವ್ ಬ್ಯಾಂಕ್ ಅನುಮತಿಸಿದ ದಾರಿಯಲ್ಲೇ ಬರಬೇಕು. ಆದ್ದರಿಂದ ರೂಪಾಯಿ ಬಿಲ್‌ಗೂ ಪೌಂಡ್‌ನಲ್ಲಿ ಪಾವತಿ ಪಡೆಯುವುದು ಸುಲಭ. ಯಾವ ದಿನದ ಯಾವ ದರ ಎಂದು ಬಿಲ್‌ನಲ್ಲೇ ಬರೆದಿರಬೇಕು.

ಒಂದು ತಪ್ಪನ್ನಂತೂ ಮಾಡಬೇಡಿ: ‘₹2,20,000 / £2,000’ ಎಂದು ಎರಡನ್ನೂ ಬರೆಯುವುದು. ಕ್ಲೈಂಟ್‌ಗೆ ಅನುಕೂಲವಾಗಲಿ ಎಂದು ಹಲವರು ಹೀಗೆ ಬರೆಯುತ್ತಾರೆ. ಪೌಂಡ್ ಬಿದ್ದರೆ ಅವರು ಪೌಂಡ್‌ನಲ್ಲಿ, ಏರಿದರೆ ರೂಪಾಯಿಯ ಲೆಕ್ಕದಲ್ಲಿ ಕೊಡುತ್ತಾರೆ. ಎರಡೂ ಸಲ ಸೋಲು ನಿಮ್ಮದೇ.

ಕ್ಲೈಂಟ್‌ನ ಕರೆನ್ಸಿ, ಜೊತೆಗೊಂದು ಷರತ್ತು

ನನ್ನ ಸಲಹೆ ಇದು. ಬಿಲ್ ಕ್ಲೈಂಟ್‌ನ ಕರೆನ್ಸಿಯಲ್ಲೇ ಇರಲಿ, ಕರಾರಿನಲ್ಲಿ ದರದ ಷರತ್ತೊಂದು ಇರಲಿ. ಆಧಾರಕ್ಕೆ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ, ಅಂದರೆ ಎಫ್‌ಬಿಐಎಲ್, ಕೆಲಸದ ದಿನಗಳಂದು ಮಧ್ಯಾಹ್ನ ಪ್ರಕಟಿಸುವ ರೆಫರೆನ್ಸ್ ದರವನ್ನು ಹಿಡಿಯಿರಿ. ಡಾಲರ್, ಪೌಂಡ್, ಯುರೋ, ಯೆನ್‌ಗಳಿಗೆ ಅದು ಸಿಗುತ್ತದೆ. ಕರಾರಿನ ದಿನದ ದರಕ್ಕೂ ಬಿಲ್‌ನ ದಿನದ ದರಕ್ಕೂ ಶೇ 3ರೊಳಗಿನ ವ್ಯತ್ಯಾಸವಿದ್ದರೆ ಬೆಲೆ ಹಾಗೆಯೇ, ಅದನ್ನು ಮೀರಿದ ಭಾಗವನ್ನು ಇಬ್ಬರೂ ಅರ್ಧರ್ಧ ಹೊರಬೇಕು ಎಂದು ಬರೆಯಿರಿ.

ನಮ್ಮ ಉದಾಹರಣೆಗೆ ಹಚ್ಚೋಣ. 110ರಿಂದ ಶೇ 3 ಇಳಿದರೆ 106.70. ಬಿಲ್ ಬರೆದ ದಿನವೇ ದರ 104.40ಕ್ಕೆ ಬಂದಿದ್ದರೆ ಮಿತಿಗಿಂತ 2.30 ರೂಪಾಯಿ ಕಡಿಮೆ. 2,000 ಪೌಂಡ್‌ಗೆ ಅದು 4,600 ರೂಪಾಯಿ, ಅದರ ಅರ್ಧ 2,300. ಕ್ಲೈಂಟ್ ಸುಮಾರು 22 ಪೌಂಡ್ ಹೆಚ್ಚು ಕೊಡುತ್ತಾರೆ. ಪೌಂಡ್ ಏರಿದಾಗ ನೀವೂ ಹೀಗೆಯೇ ಇಳಿಸಬೇಕು. ಅದನ್ನು ಕರಾರಿನಲ್ಲಿ ಕಂಡರೆ ಕ್ಲೈಂಟ್ ಒಪ್ಪುವುದು ಸುಲಭ.

ಒಂದೆರಡು ವಾರದ ಕೆಲಸಕ್ಕೆ ಇಷ್ಟೆಲ್ಲ ಬೇಡ. ದೀರ್ಘ ಕೆಲಸಕ್ಕೆ ಷರತ್ತಿಗಿಂತಲೂ ಹೆಚ್ಚು ನೆರವಾಗುವುದು ಮುಂಗಡ. 800 ಪೌಂಡ್ ಮೊದಲೇ 110ರ ದರದಲ್ಲಿ ಬಂದಿದ್ದರೆ ಉಳಿದ 1,200ಕ್ಕೆ ಮಾತ್ರ ನಷ್ಟ, ಅಂದರೆ 11,200ರ ಬದಲು 6,720 ರೂಪಾಯಿ. ‘ಬಿಲ್ ಬಂದ 45 ದಿನದಲ್ಲಿ ಪಾವತಿ’ ಎನ್ನುವುದನ್ನು 15ಕ್ಕೆ ಇಳಿಸಿದರೂ ಅಷ್ಟು ದಿನದ ಏರಿಳಿತ ತಪ್ಪುತ್ತದೆ.

ದರ ಬಿದ್ದದ್ದೋ, ಬ್ಯಾಂಕ್ ಕತ್ತರಿಸಿದ್ದೋ?

ಕಡಿಮೆ ಬಂದದ್ದೆಲ್ಲ ವಿನಿಮಯದ ಏರಿಳಿತದಿಂದಲೇ ಎಂದುಕೊಳ್ಳಬೇಡಿ. ಹಣ ಜಮೆಯಾದ ನಂತರ ಬ್ಯಾಂಕ್ ಅಥವಾ ಪಾವತಿ ಸೇವೆಯಿಂದ ವಿದೇಶಿ ಹಣ ಸ್ವೀಕೃತಿಯ ಪತ್ರ, ಎಫ್‌ಐಆರ್‌ಎ, ಕೇಳಿ ಪಡೆಯಿರಿ. ಅದರಲ್ಲಿರುವ ದರವನ್ನು ಅದೇ ದಿನದ ಎಫ್‌ಬಿಐಎಲ್ ದರದ ಪಕ್ಕದಲ್ಲಿಟ್ಟು ನೋಡಿ. ಪೌಂಡ್‌ಗೆ 104.40 ಇದ್ದ ದಿನ ನಿಮಗೆ 102.30 ಸಿಕ್ಕಿದ್ದರೆ ಶೇ 2ರಷ್ಟು ಹೋದದ್ದು ಪರಿವರ್ತನೆಯ ಲಾಭಾಂಶಕ್ಕೆ. ಇದು ಪ್ರತಿ ಬಿಲ್‌ನಲ್ಲೂ ಹೋಗುವ ಹಣ. ಬ್ಯಾಂಕಿನೊಡನೆ ಚೌಕಾಸಿ ಮಾಡಿ, ಇಲ್ಲವೇ ಬೇರೆ ಸೇವೆ ಹುಡುಕಿ. ಇನ್ನು ಬಂದ ಪೌಂಡ್‌ಗಳೇ 2,000ಕ್ಕಿಂತ ಕಡಿಮೆಯಿದ್ದರೆ ನಡುವಿನ ಬ್ಯಾಂಕ್ ಶುಲ್ಕ ಕತ್ತರಿಸಿದೆ. ಹಣ ಕಳಿಸುವಾಗ ಶುಲ್ಕದ ಆಯ್ಕೆಯಲ್ಲಿ OUR, ಅಂದರೆ ಶುಲ್ಕವೆಲ್ಲ ಕಳಿಸುವವರದೇ ಎಂಬುದನ್ನು, ಆರಿಸುವಂತೆ ಕ್ಲೈಂಟ್‌ಗೆ ಬಿಲ್‌ನಲ್ಲೇ ತಿಳಿಸಿ.

ದರ ಏರಲಿ ಎಂದು ಕಾಯುವವರು ಬ್ಯಾಂಕಿನಲ್ಲಿ ಇಇಎಫ್‌ಸಿ ಖಾತೆ ತೆರೆದು ಪೌಂಡನ್ನು ಪೌಂಡಾಗಿಯೇ ಇಡಬಹುದು. ಅದಕ್ಕೆ ಬಡ್ಡಿ ಇಲ್ಲ. ಒಂದು ತಿಂಗಳಲ್ಲಿ ಜಮೆಯಾದದ್ದರಲ್ಲಿ ವಿದೇಶಿ ಸಾಫ್ಟ್‌ವೇರ್ ಚಂದಾದಂಥ ಅನುಮತಿಸಿದ ಖರ್ಚು ಕಳೆದು ಉಳಿದದ್ದನ್ನು ಮುಂದಿನ ತಿಂಗಳ ಕೊನೆಯ ದಿನದೊಳಗೆ ರೂಪಾಯಿಗೆ ಬದಲಾಯಿಸಲೇಬೇಕು. ಜೂನ್ 5ರಂದು ಬಂದ ಪೌಂಡ್‌ಗೆ ಗಡುವು ಜುಲೈ 31.