ಡೀಪ್ ಕ್ಲೀನಿಂಗ್ ಆದ ಮೇಲಿನ ಆರು ವಾರ

ಆಕೆಗೆ 46 ವರ್ಷ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. "ಬ್ರಷ್ ಹಿಡಿದರೆ ಸಾಕು, ಬೇಸಿನ್ ಕೆಂಪಾಗುತ್ತೆ ಡಾಕ್ಟ್ರೇ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತ ನಮ್ಮತ್ತೆ ಬೇಡ ಅಂದಿದ್ರು, ಅದಕ್ಕೇ ಇಷ್ಟು ದಿನ ಬರಲಿಲ್ಲ" ಅಂದರು. ಈ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಅತ್ತೆಯವರು ಸುಮ್ಮನೆ ಹೇಳಿದ್ದಲ್ಲ, ಯಾರಿಗೋ ಹಾಗಾದದ್ದನ್ನು ನೋಡಿಯೇ ಹೇಳಿರುತ್ತಾರೆ. ಅದು ಯಾಕೆ ಹಾಗೆ ಅನ್ನಿಸುತ್ತದೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಳತೆ. ಮಿಲಿಮೀಟರ್ ಗೆರೆಗಳಿರುವ ಸಣ್ಣ ಕಡ್ಡಿಯಂಥ ಪ್ರೋಬನ್ನು ವಸಡಿಗೂ ಹಲ್ಲಿಗೂ ನಡುವಿನ ಸಂದಿಯಲ್ಲಿ ಇಳಿಸಿ, ಒಂದೊಂದು ಹಲ್ಲಿನ ಸುತ್ತ ಆರು ಕಡೆ ಅಳೆಯುತ್ತೇನೆ. 3 ಮಿ.ಮೀ. ತನಕ ಇದ್ದರೆ ಚಿಂತೆಯಿಲ್ಲ. ಇವರಿಗೆ ಕೆಳಗಿನ ಬಲಗಡೆ ದವಡೆ ಹಲ್ಲುಗಳಲ್ಲಿ 6 ಇತ್ತು, ಮೇಲಿನ ಎಡಗಡೆಯ ಮೊದಲನೇ ದವಡೆ ಹಲ್ಲಿನ ಹಿಂಬದಿಯಲ್ಲಿ 7. ಅಷ್ಟು ಆಳದಲ್ಲಿ ಕಲ್ಲುಗಟ್ಟಿದ ಪಾಚಿ ಬೇರಿಗೆ ಅಂಟಿಕೊಂಡಿರುತ್ತದೆ. ಅಲ್ಲಿಗೆ ಬ್ರಷ್ ಹೋಗುವುದಿಲ್ಲ, ಮೇಲುಮೇಲಿನ ಸ್ಕೇಲಿಂಗ್ ಕೂಡ ಮುಟ್ಟುವುದಿಲ್ಲ. ಒಳಗೆ ಇಳಿದು ಕಲ್ಲು ತೆಗೆದು, ಬೇರಿನ ಮೈಯನ್ನು ನುಣುಪು ಮಾಡಬೇಕು. ಡೀಪ್ ಕ್ಲೀನಿಂಗ್, ರೂಟ್ ಪ್ಲೇನಿಂಗ್ ಅಂದರೆ ಅದೇ.

ಬಲಗಡೆ ಒಂದು ದಿನ, ಎಡಗಡೆ ಒಂದು ವಾರ ಬಿಟ್ಟು ಎಂದು ಎರಡು ಸಿಟ್ಟಿಂಗ್ ಮಾಡಿದೆ. ಒಂದು ಕಡೆ ನೋವಿದ್ದರೂ ಇನ್ನೊಂದು ಕಡೆಯಲ್ಲಿ ಅಗಿದು ಊಟ ಮಾಡಬಹುದು. ಲಿಗ್ನೋಕೇನ್ ಇಂಜೆಕ್ಷನ್‌ಗೆ ಮುಂಚೆ ಆ ಜಾಗಕ್ಕೆ ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಕಾಯುತ್ತೇನೆ. ಇಡೀ ಚಿಕಿತ್ಸೆಯಲ್ಲಿ ಚುರುಕ್ಕೆನ್ನುವುದು ಆ ಸೂಜಿಯೊಂದೇ. ಐದು ನಿಮಿಷದಲ್ಲಿ ಅರ್ಧ ತುಟಿ, ಅರ್ಧ ನಾಲಿಗೆ ಊದಿಕೊಂಡ ಹಾಗೆ ಅನ್ನಿಸುತ್ತದೆ. ಕನ್ನಡಿ ಕೊಟ್ಟು ಊದಿಲ್ಲ ಎಂದು ತೋರಿಸಿದರೆ ಸಮಾಧಾನವಾಗುತ್ತದೆ.

ಮುಂದೆ ಏನೇನು ಗೊತ್ತಾಗುತ್ತದೆ ಎಂದು ಅವರಿಗೆ ಮೊದಲೇ ಹೇಳಿಟ್ಟಿದ್ದೆ. ಕಲ್ಲು ಒಡೆಯುವ ಮೆಷಿನ್ನಿನ ತುದಿ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಕಂಪಿಸುತ್ತಾ ನೀರು ಚಿಮ್ಮಿಸುತ್ತದೆ. ಬಾಯಿ ತುಂಬ ತಣ್ಣನೆಯ ನೀರು, ಪಕ್ಕದಲ್ಲಿ ಅದನ್ನು ಎಳೆಯುವ ಪೈಪಿನ ಸದ್ದು. ಆಮೇಲೆ ನಾನು ಕೈಯಲ್ಲಿ ಕ್ಯೂರೆಟ್ ಎಂಬ ಬಾಗಿದ ತುದಿಯ ಕೆರೆಯುವ ಉಪಕರಣ ಹಿಡಿದಾಗ ಕರಕರ ಎಂಬ ಶಬ್ದ ಬರುತ್ತದೆ. ದವಡೆ ಮೂಳೆಯಲ್ಲೇ ಹಾದು ಕಿವಿಗೆ ಹೋಗುವುದರಿಂದ ಅದು ನನಗಿಂತ ಅವರಿಗೇ ಜೋರಾಗಿ ಕೇಳುತ್ತದೆ. ಒತ್ತುವುದೂ ಎಳೆಯುವುದೂ ಗೊತ್ತಾಗುತ್ತದೆ, ಯಾಕೆಂದರೆ ಮದ್ದು ನೋವನ್ನು ತಡೆದರೂ ಒತ್ತಡದ ಅರಿವನ್ನು ಪೂರ್ತಿ ಅಳಿಸುವುದಿಲ್ಲ. ಒತ್ತಿದ ಹಾಗಾದರೆ ಸರಿ, ಚುಚ್ಚಿದ ಹಾಗಾದರೆ ಎಡಗೈ ಎತ್ತಿ ಎಂದಿದ್ದೆ. ಕೊನೆಯ ದವಡೆ ಹಲ್ಲಿನ ಹತ್ತಿರ ಒಮ್ಮೆ ಎತ್ತಿದರು. ತಕ್ಷಣ ನಿಲ್ಲಿಸಿ ಇನ್ನಷ್ಟು ಮದ್ದು ಕೊಟ್ಟೆ. ಸಹಿಸಿಕೊಳ್ಳಿ ಎನ್ನಬಾರದು. ನೋವಿನಿಂದ ಬಿಗಿಹಿಡಿದು ಕೂತವರ ಬಾಯಲ್ಲಿ ಆಳಕ್ಕೆ ಇಳಿದು ಕೆಲಸ ಮಾಡುವುದಕ್ಕೂ ಆಗುವುದಿಲ್ಲ.

ವಸಡಿನ ಒಳಗೆ ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಮೊದಲ ಎಳೆತಕ್ಕೆ ಮರಳಿನ ಮೇಲೆ ಎಳೆದ ಹಾಗಿರುತ್ತದೆ. ಹತ್ತಾರು ಸಲ ಎಳೆದ ಮೇಲೆ ಒಮ್ಮೆಗೇ ಗಾಜಿನ ಮೇಲೆ ಜಾರಿದ ಹಾಗಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಉಜ್ಜಿದರೆ ಬೇರಿನದೇ ಪದರ ಸವೆಯುತ್ತದೆ, ಆಮೇಲೆ ಜುಮ್ಮೆನ್ನುವುದು ಜಾಸ್ತಿಯಾಗುತ್ತದೆ. ಕ್ಯೂರೆಟ್ಟಿನ ತುದಿಯಲ್ಲಿ ಎಳ್ಳುಕಾಳಿನಷ್ಟು ಕಪ್ಪು ಚೂರು ಎದ್ದು ಬಂತು. ಹತ್ತಿಬಟ್ಟೆಗೆ ಒರೆಸಿ ತೋರಿಸಿದೆ. "ಇದು ನನ್ನ ವಸಡಿನೊಳಗೆ ಇತ್ತಾ?" ಎಂದು ತೊದಲುತ್ತಾ ಕೇಳಿದರು.

ಈಗ ಅತ್ತೆಯವರ ಮಾತಿಗೆ ಬರೋಣ. ಇವರ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಸಿಮೆಂಟ್ ಮೆತ್ತಿದ ಹಾಗೆ ಕಲ್ಲು ಕೂತು ನಾಲ್ಕೂ ಹಲ್ಲುಗಳನ್ನು ಒಂದಕ್ಕೊಂದು ಬಿಗಿದಿತ್ತು. ಒಳಗೆ ಮೂಳೆ ಆಗಲೇ ಕರಗಿದ್ದರೂ ಹಲ್ಲು ಅಲುಗಾಡದೆ ನಿಂತಿದ್ದು ಆ ಕಲ್ಲಿನ ಬಲದಿಂದ. ಅದು ಹೋದ ಕೂಡಲೇ ನಾಲಿಗೆಗೆ ಸಂದಿ ಸಿಗುತ್ತದೆ, ಹಲ್ಲು ಕೊಂಚ ಅಲುಗುತ್ತದೆ. ನಾನು ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದಾಗ ಇದನ್ನು ಒಬ್ಬರಿಗೆ ಮೊದಲೇ ಹೇಳದೆ ಕ್ಲೀನ್ ಮಾಡಿದ್ದೆ. ಮಾರನೇ ದಿನ ಅವರು ಬಂದು, "ಗಟ್ಟಿಯಿದ್ದ ಹಲ್ಲು ಹಾಳು ಮಾಡಿದ್ರಿ" ಎಂದರು. ನಾನು ಕೊಟ್ಟ ವಿವರಣೆಯೆಲ್ಲ ಅವರಿಗೆ ನೆಪವಾಗಿಯೇ ಕೇಳಿಸಿತು. ಮತ್ತೆ ಅವರು ಬರಲಿಲ್ಲ. ಅಂದಿನಿಂದ ಕೈಗೆ ಕನ್ನಡಿ ಕೊಟ್ಟು, ಎಲ್ಲೆಲ್ಲಿ ಸಂದಿ ಕಾಣಬಹುದು ಎಂದು ಬೆರಳಿಟ್ಟು ತೋರಿಸದೆ ನಾನು ಕೆಲಸ ಶುರು ಮಾಡಿಲ್ಲ.

ಮನೆಗೆ ಹೋದ ಮೇಲೆ ಎರಡು ಮೂರು ಗಂಟೆ ಮರಗಟ್ಟಿರುತ್ತದೆ. ಅಷ್ಟು ಹೊತ್ತು ಊಟ, ಬಿಸಿ ಕಾಫಿ ಬೇಡ, ತುಟಿ ಕಚ್ಚಿಕೊಂಡರೂ ಸುಟ್ಟುಕೊಂಡರೂ ಗೊತ್ತಾಗುವುದಿಲ್ಲ. ಆ ರಾತ್ರಿ ವಸಡು ತರಚಿದ ಹಾಗೆ ನೋಯುತ್ತದೆ, ಉಗುಳು ಗುಲಾಬಿ ಬಣ್ಣ ಇರುತ್ತದೆ. ಇವರು ಎರಡು ದಿನ ಪ್ಯಾರಾಸಿಟಮಾಲ್ ತಗೊಂಡರು, ಮೂರನೇ ದಿನ ಬೇಕಾಗಲಿಲ್ಲ. ನೋವು ಇಳಿಯುವ ಬದಲು ಏರುತ್ತಾ ಹೋದರೆ, ಊತವೋ ಕೀವೋ ಕಂಡರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಕಾಯಬಾರದು. ಕಲ್ಲಿನ ಚೂರು ಒಳಗೆ ಉಳಿದು ಮೇಲೆ ವಸಡು ಮುಚ್ಚಿಕೊಂಡರೆ ಹೀಗೆ ಕೀವಾಗುವುದುಂಟು.

ಜನ ನಿಜವಾಗಿ ಒದ್ದಾಡುವುದು ಮೊದಲ ವಾರದ ಜುಮ್ಮೆನ್ನುವಿಕೆಯಲ್ಲಿ. ಊತ ಇಳಿದ ವಸಡು ಹಿಂದಕ್ಕೆ ಸರಿದು, ಇಷ್ಟು ದಿನ ಮುಚ್ಚಿದ್ದ ಬೇರು ಹೊರಗೆ ಕಾಣುತ್ತದೆ. ತಣ್ಣೀರು ತಾಗಿದರೆ ಚಳುಕು ಹೊಡೆಯುತ್ತದೆ. ಐದನೇ ದಿನ ಅವರ ಫೋನ್ ಬಂತು: "ಮಜ್ಜಿಗೆ ಕುಡಿಯೋಕಾಗ್ತಿಲ್ಲ ಡಾಕ್ಟ್ರೇ, ಏನೋ ಹೆಚ್ಚುಕಮ್ಮಿ ಆಗಿದೆಯಾ?" ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಹೇಳಿದ್ದೆ, ಅದು ಹಿಡಿಯುವುದಕ್ಕೆ ಒಂದೆರಡು ವಾರ ಬೇಕು. ನಾಲ್ಕನೇ ವಾರದ ಹೊತ್ತಿಗೆ ಮಜ್ಜಿಗೆ ಇಳಿಯುತ್ತಿತ್ತು.

ಒಳಗಿನ ಮಾಯುವಿಕೆಗೆ ಅದರದೇ ಲೆಕ್ಕವಿದೆ. ವಸಡಿನ ಒಳಪದರ ಒಂದೆರಡು ವಾರದಲ್ಲಿ ಹೊಸದಾಗಿ ಬೆಳೆದು ಬೇರಿಗೆ ಅಂಟಿಕೊಳ್ಳುತ್ತದೆ, ಅದರ ಹಿಂದಿನ ನಾರುಗಳು ಗಟ್ಟಿಯಾಗಲು ಇನ್ನೂ ಹಲವು ವಾರ ಹಿಡಿಯುತ್ತದೆ. ಅದಕ್ಕೇ ಆರು ವಾರದ ಮುಂಚೆ ನಾನು ಪ್ರೋಬ್ ಇಳಿಸುವುದಿಲ್ಲ, ಹೊಸದಾಗಿ ಅಂಟಿದ್ದನ್ನು ಅದೇ ಬಿಡಿಸಿಬಿಡುತ್ತದೆ. "ಲೈನಿಂಗ್ ಬಟ್ಟೆಗೆ ಗಮ್ ಹಾಕಿ ಒಣಗೋ ಮುಂಚೆ ಎಳೆದು ನೋಡೋ ಹಾಗೆ" ಎಂದೆ, ಅವರಿಗೆ ಥಟ್ಟನೆ ಅರ್ಥವಾಯಿತು. ಕರಗಿದ ಮೂಳೆ ಇಷ್ಟರಿಂದಲೇ ಮತ್ತೆ ಬೆಳೆಯುತ್ತದೆ ಎಂದು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಶುಗರ್ ಹತೋಟಿಯಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಬಿಡದವರಿಗೆ ಮಾಯುವುದು ನಿಧಾನ, ಫಲವೂ ಕಡಿಮೆ.

ಆರನೇ ವಾರ ಅಳೆದೆ. ಬಲಗಡೆಯ 6 ಎಲ್ಲ 4ಕ್ಕೆ ಇಳಿದಿತ್ತು, ಪ್ರೋಬ್ ತಾಗಿಸಿದರೂ ರಕ್ತವಿಲ್ಲ. ಉರಿಯೂತ ಇಳಿದು ಮುಂದಿನ ಹಲ್ಲುಗಳು ಮೊದಲಿಗಿಂತ ಬಿಗಿಯಾಗಿದ್ದವು. ಮೇಲಿನ ಎಡಗಡೆಯದು ಮಾತ್ರ 7ರಿಂದ 6ಕ್ಕೆ ಬಂದು ನಿಂತಿತ್ತು, ಮುಟ್ಟಿದರೆ ರಕ್ತ. ಆ ಹಲ್ಲಿಗೆ ಮೂರು ಬೇರು. ಬೇರುಗಳು ಕವಲೊಡೆಯುವ ಜಾಗದೊಳಗೆ, ಅದೂ ಹಿಂಬದಿಯಿಂದ, ಕ್ಯೂರೆಟ್ ಸರಿಯಾಗಿ ತಿರುಗುವುದಿಲ್ಲ. ಎಷ್ಟು ಶ್ರದ್ಧೆಯಿಂದ ಮಾಡಿದರೂ ಅಲ್ಲಿ ಚೂರು ಉಳಿಯುತ್ತದೆ. ಅದೊಂದು ಜಾಗವನ್ನು ಮರಗಟ್ಟಿಸಿ ಮತ್ತೊಮ್ಮೆ ಉಜ್ಜಿದ್ದೇನೆ. ಮುಂದಿನ ಅಳತೆಯಲ್ಲೂ 6 ಇದ್ದರೆ ವಸಡನ್ನು ಸ್ವಲ್ಪ ಬಿಡಿಸಿ, ಕಣ್ಣಿಂದ ನೋಡಿಯೇ ತೆಗೆಯಬೇಕು ಎಂದು ಅವರಿಗೂ ಅತ್ತೆಯವರಿಗೂ ಒಟ್ಟಿಗೆ ಕೂರಿಸಿ ಹೇಳಿದೆ. ಅತ್ತೆಯವರು ಹೊರಡುವಾಗ ತಮ್ಮ ಬಾಯಿಯನ್ನೂ ಒಮ್ಮೆ ನೋಡಿ ಎಂದು ಕುರ್ಚಿಯಲ್ಲಿ ಕೂತರು.